ಒಂದು ಪಾಯಿಂಟ್ ಸೊನ್ನೆ ಎಂಟು

ಎಂಬತ್ತರ ದಶಕದ ಶುರುವಿನಲ್ಲಿ, ಬಿ.ಎಡ್. ಮುಗಿಸಿ ಪಾವಗಡ ತಾಲ್ಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆಗಿ ಸೇರಿದಾಗ ನನಗೆ ಜಂಬ ಜಾಸ್ತಿ ಇತ್ತು. ಮಧುಗಿರಿಯಲ್ಲಿ ರೂಮು ಮಾಡಿಕೊಂಡಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು, ಸಂಜೆ ನಾಲ್ಕೂವರೆಯ ಬಸ್ಸಿಗೆ ಓಡುವುದು. ಹಳೆಯ ಮೇಷ್ಟರುಗಳೆಲ್ಲ ನೋಟ್ಸ್ ಬರೆಸಿ ಕೈ ತೊಳೆದುಕೊಳ್ಳುತ್ತಾರೆ, ನಾನು ಮಾತ್ರ ಮಕ್ಕಳಿಗೆ ಯೋಚನೆ ಮಾಡುವುದನ್ನು ಕಲಿಸುತ್ತೇನೆ ಎಂದು ನಂಬಿದ್ದೆ.

ಎಂಟನೇ ಕ್ಲಾಸಿಗೆ ಸಾಂದ್ರತೆಯ ಪಾಠ. ಆ ಪದವೇ ಒಂದು ಕಾಟ. ನಾನು ಮೊದಲ ದಿನ ‘ಸಾಂದ್ರ ಅಂದರೆ ಮಂದ’ ಎಂದು ಸಲೀಸಾಗಿ ಹೇಳಿಬಿಟ್ಟಿದ್ದೆ. ಮಾರನೆಯ ದಿನ ಹರಳೆಣ್ಣೆ ನೀರಿನಲ್ಲಿ ಏನಾಗುತ್ತದೆ ಎಂದು ಕೇಳಿದರೆ, ಮುಳುಗುತ್ತದೆ ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳಿತು. ಹರಳೆಣ್ಣೆ ಮಂದ, ನೀರು ತೆಳು, ಇನ್ನೇನು? ಅವರದು ತಪ್ಪಲ್ಲ, ನಾನು ಕೊಟ್ಟ ಅರ್ಥ ಅದು. ಹಿಂದಿನ ಬೆಂಚಿನಿಂದ ಒಬ್ಬಳು ಮಾತ್ರ ಎದ್ದು ನಿಂತಳು. ಬೋರ್ಡಿನ ಮೇಲೆ ಎಣ್ಣೆಗೆ 0.96, ನೀರಿಗೆ 1.00 ಅಂತ ಬರೆದಿದೆ, ಎಣ್ಣೆಯದು ಕಮ್ಮಿ, ಹಾಗಾಗಿ ತೇಲಬೇಕು ಎಂದಳು. ಲೋಟದಲ್ಲಿ ನೀರು ತರಿಸಿ ಎಣ್ಣೆ ಬಿಟ್ಟು ತೋರಿಸಿದೆ. ದಪ್ಪಗೆ ಇಳಿದ ಎಣ್ಣೆ ಮೇಲೆ ಬಂದು ನಿಂತಿತು. ಮಂದ ಅನ್ನುವುದು ಹರಿಯುವ ರೀತಿ, ಸಾಂದ್ರತೆ ಅನ್ನುವುದು ಅಷ್ಟೇ ಜಾಗದಲ್ಲಿ ಎಷ್ಟು ತೂಕ ಅನ್ನುವುದು, ಎರಡೂ ಬೇರೆ ಎಂದು ತಿದ್ದಿ ಹೇಳಿದೆ. ಇನ್ನು ಮೇಲೆ ಯಾರೂ ಊಹೆ ಮಾಡಕೂಡದು, ಪಟ್ಟಿ ನೋಡಿ ಹೋಲಿಸಿಯೇ ಉತ್ತರ ಬರೆಯಬೇಕು ಎಂದು ಅಪ್ಪಣೆಯನ್ನೂ ಮಾಡಿದೆ.

ಆ ಹುಡುಗಿ ನಿಡುಗಲ್ ಬೆಟ್ಟದ ಕಡೆಯ ಒಂದು ಹಟ್ಟಿಯವಳು. ಮನೆಯವರದು ಕುರಿ. ಸಂಕ್ರಾಂತಿ ಆದ ಮೇಲೆ ಮೇವು ಹುಡುಕಿಕೊಂಡು ಆಂಧ್ರದ ಕಡೆ ಹೊರಟರೆ ಮನೆಮಂದಿಯೆಲ್ಲ ಹೊರಡಬೇಕು. ಹಿಂದಿನ ವರ್ಷ ಅಜ್ಜಿ ಇದ್ದಳು, ಅಜ್ಜಿಯ ಜೊತೆ ಉಳಿದು ಓದಿದ್ದಳು. ಈ ವರ್ಷ ಅಜ್ಜಿ ಇರಲಿಲ್ಲ. ಅವಳಿಗಿದ್ದ ಒಂದೇ ದಾರಿ ತುಮಕೂರಿನ ವಸತಿ ಶಾಲೆ. ನಮ್ಮ ಶಾಲೆಯಿಂದ ಒಬ್ಬರಿಗೆ ಮಾತ್ರ ಸೀಟು. ಗಣಿತ ಮತ್ತು ವಿಜ್ಞಾನದಲ್ಲಿ ನಾವೇ ಒಂದು ಪರೀಕ್ಷೆ ಮಾಡಿ ಹೆಸರು ಕಳಿಸಬೇಕು.

ವಿಜ್ಞಾನದ ಹಾಳೆ ನಾನೇ ತಯಾರು ಮಾಡಿದೆ. ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡಿಸಿದ ಹಾಳೆ, ಕೈಗೆಲ್ಲ ಮಸಿ. ಮೇಲೆ ಸಾಂದ್ರತೆಗಳ ಪಟ್ಟಿ, ಕೆಳಗೆ ‘ತೇಲುತ್ತದೆಯೇ, ಮುಳುಗುತ್ತದೆಯೇ? ಕಾರಣ ಕೊಡಿ’ ಎಂಬ ಪ್ರಶ್ನೆಗಳು. ಮಂಜುಗಡ್ಡೆ 0.92, ಕಡಲೆಕಾಯಿ ಎಣ್ಣೆ 0.91, ಕಬ್ಬಿಣ 7.8. ಊರ ಕಡೆಯ ಮರವೂ ಒಂದಿರಲಿ ಎಂದು ಮರಗಳ ಪುಸ್ತಕವೊಂದರಿಂದ ಕಮರ ಎಂಬ ಮರದ ತಿರುಳಿನ ಸಾಂದ್ರತೆ ನಕಲು ಮಾಡಿ ಸೇರಿಸಿದೆ: 1.08. ನಕಲು ಮಾಡಿದೆ ಅಷ್ಟೇ, ನೋಡಲಿಲ್ಲ.

ಉತ್ತರಗಳ ಪಟ್ಟಿಯನ್ನು ಸಂಜೆ ಸ್ಟಾಫ್ ರೂಮಿನಲ್ಲಿ ಬರೆದೆ, ಒಂದು ಕಣ್ಣು ಗಡಿಯಾರದ ಮೇಲೆ. ಎಣ್ಣೆ ತೇಲುತ್ತದೆ, ಕಬ್ಬಿಣ ಮುಳುಗುತ್ತದೆ, ಮರ ತೇಲುತ್ತದೆ. ಬಸ್ಸು ಹಿಡಿದೆ. ಮಾರನೆಯ ದಿನ ಅದೇ ಪಟ್ಟಿ ಪಕ್ಕಕ್ಕಿಟ್ಟುಕೊಂಡು ಉತ್ತರ ತಿದ್ದಿದೆ. ಗಣಿತದಲ್ಲಿ ಇಬ್ಬರು ಸಮಸಮ ಇದ್ದರು, ಈ ಹುಡುಗಿ ಮತ್ತು ಸಂತೆಬೀದಿಯ ಅಂಗಡಿಯವರ ಮಗಳು. ವಿಜ್ಞಾನದಲ್ಲಿ ಇವಳಿಗೆ ಇಪ್ಪತ್ತೆರಡು, ಅವಳಿಗೆ ಇಪ್ಪತ್ಮೂರು.

ತಿದ್ದಿದ ಹಾಳೆ ಹಂಚಿದ ದಿನವೇ ಈ ಹುಡುಗಿ ಮೇಜಿನ ಹತ್ತಿರ ಬಂದಳು. ಕಮರದ ಉತ್ತರಕ್ಕೆ ಅವಳು ‘ಮುಳುಗುತ್ತದೆ, 1.08 ನೀರಿನ 1.00ಕ್ಕಿಂತ ಹೆಚ್ಚು’ ಎಂದು ಬರೆದಿದ್ದಳು. ನಾನು ಕೆಂಪಿನಲ್ಲಿ ಅಡ್ಡಗೆರೆ ಎಳೆದಿದ್ದೆ. ಕಾರಣದ ಸಾಲನ್ನು ಓದಿಯೇ ಇರಲಿಲ್ಲ. ತಲೆ ಎತ್ತದೆ, ಮರ ತೇಲದೆ ಇನ್ನೇನಮ್ಮ, ಹೋಗಿ ಕೂತ್ಕೊ ಎಂದೆ.

ಮರುದಿನ ಅವಳು ಒಂದು ಕಮರದ ಗೂಟ ತಂದಳು. ಕುರಿದೊಡ್ಡಿಗೆ ನೆಡುವ ಗೂಟ, ಮೊಳದುದ್ದ, ತುದಿ ಚೂಪು, ಬಿಸಿಲಿಗೆ ಕಪ್ಪಾಗಿತ್ತು. ಇಡೀ ಕ್ಲಾಸು ನೋಡುತ್ತಿರುವಾಗ ಕುಡಿಯುವ ನೀರಿನ ತೊಟ್ಟಿಗೆ ಅದನ್ನು ಮೆಲ್ಲಗೆ ಬಿಟ್ಟಳು. ಕಲ್ಲಿನ ಹಾಗೆ ತಳಕ್ಕೆ ಹೋಗಿ ಕೂತಿತು.

ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಯಿತು. ಸುಳ್ಳು ಹೇಳುವುದಿಲ್ಲ, ಪೂರ್ತಿ ಗೊತ್ತಾಯಿತು. ನನ್ನದೇ ಹಾಳೆ, ನನ್ನದೇ ಪಟ್ಟಿ, ನನ್ನದೇ ಕೈಬರಹದ 1.08. ಊಹೆ ಮಾಡಿದವಳು ನಾನು. ಅಂಗಡಿಯವರ ಮಗಳಿಗೆ ಮಾರ್ಕು ಸಿಕ್ಕಿದ್ದೂ ನನ್ನ ಹಾಗೆಯೇ ಊಹೆ ಮಾಡಿದ್ದಕ್ಕೆ. ನಲವತ್ತು ಜೊತೆ ಕಣ್ಣು ನನ್ನ ಮೇಲಿದ್ದವು. ನಾನು ಬಾಯಿ ಬಿಟ್ಟು ಆಡಿದ ಮಾತು ಇದು: “ಹಸಿ ಮರ. ನೀರು ಕುಡಿದಿರುತ್ತೆ, ಅದಕ್ಕೇ ಮುಳುಗಿತು.”

“ಮೂರು ಬ್ಯಾಸ್ಗೆ ಬಿಸ್ಲು ತಿಂದಿರೋ ಗೂಟ ಮಿಸ್ ಇದು,” ಎಂದಳು. “ನಮ್ಮಪ್ಪ ಕೊಡ್ಲಿ ಮುರ್ಕೊಂಡು ಕಡ್ದಿದ್ದು.”

ಯಾರೋ ಕಿಸಕ್ಕೆಂದರು. ನಾನು ಸಿಟ್ಟಾದೆ. ಟೀಚರ್‌ಗೆ ಎದುರು ಮಾತಾಡುವುದನ್ನು ಎಲ್ಲಿ ಕಲಿತೆ ಎಂದು ಗದರಿಸಿದೆ. ಅವಳು ತೋಳಿನ ಬಟ್ಟೆ ಮೇಲಕ್ಕೆ ಮಡಚಿ, ಭುಜದವರೆಗೆ ಕೈ ನೀರಿಗಿಳಿಸಿ ಗೂಟ ತೆಗೆದುಕೊಂಡು ಹೋಗಿ ಕೂತಳು.

ಮಧ್ಯಾಹ್ನ ಹೆಡ್‌ಮಾಸ್ಟರರ ರೂಮಿನ ಬಾಗಿಲವರೆಗೆ ಹೋದೆ. ಹೆಸರು ಕಳಿಸುವ ಲಕೋಟೆ ಇನ್ನೂ ಅವರ ಮೇಜಿನ ಮೇಲೇ ಇತ್ತು, ಅಂಟು ಕೂಡ ಹಾಕಿರಲಿಲ್ಲ. ಒಂದು ಮಾತು ಹೇಳಿದ್ದರೆ ಸಾಕಿತ್ತು: ಸಾರ್, ತಪ್ಪಾಗಿದೆ, ಇಬ್ಬರ ಮಾರ್ಕೂ ಅದಲು ಬದಲಾಗಬೇಕು. ಅವರು ನನ್ನನ್ನು ನೋಡಿ, ನಿಮ್ಮ ಪ್ರಶ್ನೆಪತ್ರಿಕೆ ಬಹಳ ಚೆನ್ನಾಗಿತ್ತಮ್ಮ, ಬೇರೆ ಶಾಲೆಗಳಿಗೂ ಕಳಿಸೋಣ ಅಂತಿದ್ದೀನಿ ಎಂದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ನೆಪ ಅಂತ ಹೇಳುತ್ತಿದ್ದೇನೆ, ಕಾರಣ ಅಂತ ಅಲ್ಲ. ಕಾಯಂ ಆಗಿದ್ದರೂ ನಾನು ಹೇಳುತ್ತಿರಲಿಲ್ಲ. ನನಗೆ ಹೊಗಳಿಕೆ ಬೇಕಾಗಿತ್ತು. ಥ್ಯಾಂಕ್ಸ್ ಸಾರ್ ಎಂದು ಹೇಳಿ ಹಾಜರಿ ಪುಸ್ತಕ ತೆಗೆದುಕೊಂಡು ಬಂದೆ.

ಅಂಗಡಿಯವರ ಮಗಳು ತುಮಕೂರಿಗೆ ಹೋದಳು. ಅವಳ ಮೇಲೆ ನನಗೇನೂ ಇಲ್ಲ, ಜಾಣೆಯೇ. ಈ ಹುಡುಗಿ ಹಿಂದಿನ ಬೆಂಚಿನಲ್ಲೇ ಉಳಿದಳು, ಎದ್ದು ನಿಂತು ಉತ್ತರ ಹೇಳುವುದನ್ನು ಮಾತ್ರ ಬಿಟ್ಟಳು. ಅರ್ಧ ವಾರ್ಷಿಕ ಪರೀಕ್ಷೆ ಬಂತು. ಅದೇ ಅವಳು ಬರೆಯುವ ಕೊನೆಯ ಪರೀಕ್ಷೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಏನೋ ಪ್ರಾಯಶ್ಚಿತ್ತ ಮಾಡಿಕೊಳ್ಳುವವಳ ಹಾಗೆ ಕಮರದ ಪ್ರಶ್ನೆಯನ್ನೇ ಮತ್ತೆ ಕೊಟ್ಟೆ. ಈ ಸಲ ಉತ್ತರಗಳ ಪಟ್ಟಿಯಲ್ಲಿ ‘ಮುಳುಗುತ್ತದೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿಟ್ಟೆ. ಅವಳ ಹಾಳೆಗಾಗಿ ಕಾದು ಕೂತೆ.

ಅವಳ ಹಾಳೆಯಲ್ಲಿ ಮೊದಲು ‘1.08, ನೀರು 1.00, ಹೆಚ್ಚು’ ಎಂದಿತ್ತು. ಅದರ ಮೇಲೆ ಸ್ಕೇಲಿಟ್ಟು ನೇರವಾಗಿ ಒಂದು ಗೆರೆ ಎಳೆದಿದ್ದಳು. ಕೆಳಗೆ ಅಚ್ಚುಕಟ್ಟಾಗಿ ಬರೆದಿದ್ದಳು: ಮರ ತೇಲುತ್ತದೆ.

ಸ್ಟಾಫ್ ರೂಮಿಗೆ ಕರೆಸಿದೆ. ಸರಿಯಾಗಿ ಬರೆದು ಯಾಕೆ ಹೊಡೆದು ಹಾಕಿದೆ ಎಂದು ಕೇಳಿದೆ. ನನ್ನ ದನಿ ನನಗೇ ಬೇಡುವ ಹಾಗೆ ಕೇಳಿಸಿತು.

“ಅದು ಮುಳುಗ್ತದೆ ಅಂತ ನಂಗೊತ್ತು ಮಿಸ್,” ಎಂದಳು. ಸಿಟ್ಟೇನೂ ಇರಲಿಲ್ಲ ಅವಳಿಗೆ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. “ಆದ್ರೆ ಮಾರ್ಕು ಕೊಡೋರು ನೀವಲ್ವಾ.”

ಹೋಗ್ಲಾ ಮಿಸ್ ಎಂದು ಕೇಳಿ ಹೋದಳು. ನಾನು ಕೆಂಪು ಪೆನ್ನು ತೆಗೆದುಕೊಂಡು ಆ ಉತ್ತರಕ್ಕೆ ಸೊನ್ನೆ ಹಾಕಿದೆ. ಪಟ್ಟಿಯ ಪ್ರಕಾರ ಅದು ತಪ್ಪೇ ಆಗಿತ್ತು.