ಷಟರ್ ಕೆಳಗಿನ ಬೂಟುಗಳು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅಂತಾರೆ. ನಮ್ಮ ಫ್ಯಾನಂಗಡಿಯವನಿಗೆ ಆ ಕಾಯಿಲೆ ಹಿಡಿದದ್ದು ಎದುರು ಸಾಲಿನ ಷಡ್ಡಕನಿಂದ. ಇಬ್ಬರೂ ಒಂದೇ ಮನೆಯ ಅಳಿಯಂದಿರು, ಇಬ್ಬರದೂ ವಿದ್ಯುತ್ ಸಾಮಾನಿನ ವ್ಯಾಪಾರ. ಷಡ್ಡಕ ತನ್ನ ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿ, ಒಳಗೆಲ್ಲ ದೀಪ ಉರಿಸಿದ ದಿನದಿಂದ ಇವನ ಹೊಟ್ಟೆಯೊಳಗೂ ಒಂದು ದೀಪ ಹತ್ತಿಕೊಂಡಿತು. ಎದುರಿನ ಬಾಗಿಲು ತೆರೆದಾಗಲೆಲ್ಲ ಇವನ ಕತ್ತು ತಾನಾಗಿ ಅತ್ತ ತಿರುಗುತ್ತಿತ್ತು. ಕೈಯಲ್ಲಿ ಡಬ್ಬ ಹಿಡಿದು ಹೊರಬಂದ ಪ್ರತಿಯೊಬ್ಬನೂ ತನ್ನಿಂದ ಕಸಿದುಕೊಂಡ ಗಿರಾಕಿಯೇ ಎಂದು ಅವನ ಲೆಕ್ಕ.

ಹೀಗಿರುವಾಗ ಒಂದು ಕನಸು ಬೆನ್ನು ಹತ್ತಿತು. ಷಟರ್ ನಡುವೆ ಸಿಕ್ಕಿಕೊಂಡಿದೆ, ಎಷ್ಟು ಗುದ್ದಾಡಿದರೂ ಜಗ್ಗುವುದಿಲ್ಲ, ಹೊರಗೆ ಷಡ್ಡಕ ನಿಂತು ನೋಡುತ್ತಿದ್ದಾನೆ. ಎರಡು ಮೂರು ಸಲ ಅದೇ ಕನಸು ಬಿದ್ದ ಮೇಲೆ ಇವನು ಷಟರ್ ರಿಪೇರಿಯವನನ್ನು ಕರೆಸಿದ. ಆತ ಏಣಿ ಹತ್ತಿ ಮೇಲಿನ ಸ್ಪ್ರಿಂಗು ನೋಡಿದ, ಪಕ್ಕದ ಕಂಬಿಗಳಲ್ಲಿ ಕೂತ ಧೂಳು ಕೆರೆದು ಗ್ರೀಸ್ ಹಚ್ಚಿದ, ಎರಡು ಸಲ ಎತ್ತಿ ಇಳಿಸಿದ. ಷಟರ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಾಡಿತು. ಇದಕ್ಕೇನೂ ಆಗಿಲ್ಲವೆಂದು ಹೇಳಿ ಕೂಲಿ ಇಸಿದುಕೊಂಡು ಹೋದ. ಅಂದು ರಾತ್ರಿಯೂ ಅದೇ ಕನಸು ಬಿತ್ತು.

ಬೆಳಿಗ್ಗೆ ಹೆಂಡತಿಯ ಮುಂದೆ ಕನಸನ್ನೆಲ್ಲ ಕಕ್ಕಿದ. ಎದುರಿನವನ ಕಣ್ಣು ಬಿದ್ದಿದೆ, ತನ್ನ ಅಂಗಡಿ ತೆರೆಯದ ಹಾಗೆ ಮಾಡುತ್ತಿದ್ದಾನೆ ಎಂದು ತಾನೇ ಅರ್ಥವನ್ನೂ ಹೇಳಿದ. ಹೆಂಡತಿ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಕನಸಿಗೆ ಅರ್ಥ ಕಟ್ಟುವ ಮೊದಲು ಅದರಲ್ಲಿ ಏನೇನಿತ್ತು ಹೇಳಿ ಎಂದು ಒಂದೊಂದಾಗಿ ಕೇಳುತ್ತ ಹೋದಳು.

"ನೀವು ಒಳಗಿದ್ರಾ, ಹೊರಗಿದ್ರಾ?"

ಒಳಗೆ, ಎಂದ.

"ಷಟರ್ ಎತ್ತುತ್ತಿದ್ರಾ, ಇಳಿಸ್ತಿದ್ರಾ?"

ಎತ್ತುತ್ತಿದ್ದೆ ಎನ್ನಲು ಹೊರಟವನಿಗೆ ತೋಳಿನ ಸೆಳೆತ ನೆನಪಾಯಿತು. ಬಗ್ಗಿ, ಮೈಭಾರವೆಲ್ಲ ಹಾಕಿ ಕೆಳಕ್ಕೆ ಒತ್ತುತ್ತಿದ್ದ. ಇಷ್ಟು ದಿನ ಅದು ಅಂಗಡಿ ತೆರೆಯಲಾಗದ ಕನಸು ಎಂದೇ ನಂಬಿಕೊಂಡಿದ್ದ. ನಿಜವಾಗಿ ಅದು ಮುಚ್ಚಲಾಗದ ಕನಸು.

"ವ್ಯಾಪಾರ ಬೇಕಂದೋನು ಬಾಗಿಲು ಯಾಕೆ ಹಾಕ್ಕೋತಾನೆ?" ಅಂದಳು. "ಹೊರಗೆ ಭಾವ ಇದ್ರು ಅಂದ್ರಲ್ಲ, ಮುಖ ಕಾಣ್ತಾ?"

ಮುಖ ಕಂಡಿರಲಿಲ್ಲ. ಷಟರ್ ಮೊಣಕಾಲುದ್ದಕ್ಕೆ ನಿಂತಿತ್ತು, ಅದರ ಕೆಳಗೆ ಬೂಟುಗಳಷ್ಟೇ ಕಂಡಿದ್ದವು. ಕಂದು ಬಣ್ಣದವು, ಪಾಲಿಶ್ ಹಾಕಿದ್ದವು, ಒಂದರ ಲೇಸು ಬಿಚ್ಚಿಕೊಂಡಿತ್ತು.

ಆಗ ಅವಳ ಕೈ ನಿಂತಿತು. "ಭಾವನ ಕಾಲಲ್ಲಿ ಆಣಿ ಇದೆ ಕಣ್ರೀ. ಮದುವೇಲೂ ಚಪ್ಪಲಿನೇ ಹಾಕಿದ್ರು. ಆ ಬೂಟು ಯಾರದು?"

ಯಾರದೆಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಹೋದ ವಾರ ಅಂಗಡಿಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ, ಬಗ್ಗಿ ಲೇಸು ಕಟ್ಟಿಕೊಳ್ಳುತ್ತಲೇ ಕಂತಿನ ಮಾತೆತ್ತಿದ್ದ ಫೈನಾನ್ಸಿನವನದು. ಹಗಲೆಲ್ಲ ಆ ಬೂಟುಗಳನ್ನು ಮನಸ್ಸಿನಿಂದ ಆಚೆ ತಳ್ಳಿದ್ದ. ಅಸೂಯೆಪಡುವುದು ಸುಲಭ, ಹೆದರುವುದು ಕಷ್ಟ. ಅದಕ್ಕೇ ಮನಸ್ಸು ಹೆದರಿಕೆಯ ಕಾಲಿಗೆ ಷಡ್ಡಕನ ಹೆಸರು ಅಂಟಿಸಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ತಾನಾಗಿ ಬಾಯಿಬಿಟ್ಟ. ಷಡ್ಡಕನಿಗಿಂತ ಹೆಚ್ಚು ಮಾಲು ತೋರಿಸಬೇಕೆಂಬ ಹಟಕ್ಕೆ ಬಿದ್ದು, ಅವಳಿಗೆ ಹೇಳದೆ ಸಾಲ ಮಾಡಿ, ಗೋಡೌನು ತುಂಬ ಫ್ಯಾನು ತರಿಸಿದ್ದ. ಒಂದು ಕಂತು ಕಟ್ಟಿದ್ದ, ಮುಂದಿನದು ತಪ್ಪಿತ್ತು. ತಪ್ಪಿದ್ದಕ್ಕೆ ದಂಡ, ದಂಡದ ಮೇಲೆ ಬಡ್ಡಿ. ಇನ್ನೊಂದು ತಪ್ಪಿದರೆ ಅಂಗಡಿಯ ಮಾಲನ್ನೇ ಎತ್ತಿಕೊಂಡು ಹೋಗಬಹುದೆಂದು ಕಾಗದದಲ್ಲಿ ಸಹಿ ಹಾಕಿಕೊಟ್ಟಿದ್ದ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಅವಳು ಬುದ್ಧಿ ಹೇಳಲಿಲ್ಲ. ಮಡಚಿದ ಬಟ್ಟೆ ಪಕ್ಕಕ್ಕಿಟ್ಟು, ಇವತ್ತೇ ಆ ಫ್ಯಾನುಗಳನ್ನು ಕೊಂಡ ಬೆಲೆಗೆ ಭಾವನ ಅಂಗಡಿಗೆ ಕೊಟ್ಟು, ಬಂದ ದುಡ್ಡನ್ನು ಫೈನಾನ್ಸಿಗೆ ಕಟ್ಟಿ ಬನ್ನಿ ಎಂದಳು.

"ಅವನ ಹತ್ರಾನಾ? ಅದಕ್ಕಿಂತ ಅಂಗಡಿ ಹೋಗ್ಲಿ ಬಿಡು."

"ಹೋಗುತ್ತೆ," ಅಂದಳು. "ಹೋದ್ಮೇಲೆ ಭಾವನ ಅಂಗಡೀಲೇ ಕೆಲಸ ಕೇಳ್ಕೊಂಡು ನಿಲ್ತೀರಾ?"

ಆ ಮಾತು ನಾಟಿತು. ಮಧ್ಯಾಹ್ನದೊಳಗೆ ಅವನು ಒಂದೊಂದೇ ಪೆಟ್ಟಿಗೆ ಎದೆಗವಚಿಕೊಂಡು ರಸ್ತೆ ದಾಟಿದ. ಷಡ್ಡಕ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಗಿಲು ಹಿಡಿದು ನಿಂತ, ನೀರು ಕೊಟ್ಟ, ದುಡ್ಡನ್ನು ಲಕೋಟೆಯಲ್ಲಿಟ್ಟು ಎರಡೂ ಕೈಯಲ್ಲಿ ಕೊಟ್ಟ. ಒಂದು ಚುಚ್ಚುಮಾತು ಆಡಿದ್ದರೆ ಇವನಿಗೆ ಎಷ್ಟೋ ಹಗುರವಾಗುತ್ತಿತ್ತು.

ತಪ್ಪಿದ ಕಂತು, ಬರುವ ಕಂತು, ದಂಡ ಎಲ್ಲ ಕಟ್ಟಿ ರಶೀದಿ ಜೇಬಿಗಿಳಿಸಿಕೊಂಡು ಸಂಜೆ ಗಲ್ಲಾದಲ್ಲಿ ಬಂದು ಕೂತ. ಎದೆಯ ಭಾರ ಇಳಿದಿತ್ತು. ಎದುರಿನ ಗಾಜಿನಾಚೆ ಅವನದೇ ಫ್ಯಾನುಗಳು ಸಾಲಾಗಿ ತಿರುಗುತ್ತಿದ್ದವು, ಒಬ್ಬ ಗಿರಾಕಿ ಆಗಲೇ ಒಂದಕ್ಕೆ ಬೆರಳು ತೋರಿಸುತ್ತಿದ್ದ. ತನ್ನ ಅಂಗಡಿಯಲ್ಲಿದ್ದಾಗ ಅವು ಇಷ್ಟು ಚೆನ್ನಾಗಿ ಕಂಡಿರಲೇ ಇಲ್ಲ ಎಂದುಕೊಂಡ, ಹೊಟ್ಟೆ ಮತ್ತೆ ಉರಿಯಿತು.