ಗುಣಲಬ್ಧ ನಲವತ್ತು

ಅಪ್ಪನ ಕಂಪನಿ ಮುಚ್ಚುತ್ತದೆ ಎಂದು ತಿಳಿದ ತಿಂಗಳು ನಾನು ಅಲ್ ನಹ್ದಾದ ಒಂದು ಟ್ಯೂಷನ್ ಸೆಂಟರಿಗೆ ಡೆಮೊ ಕ್ಲಾಸ್ ಕೊಡಲು ಹೋದೆ. ಅಪ್ಪನ ವೀಸಾ ರದ್ದಾದರೆ ಅದರ ಮೇಲಿದ್ದ ನನ್ನದೂ ಹೋಗುತ್ತಿತ್ತು. ನಾನು ಹುಟ್ಟಿ ಬೆಳೆದದ್ದು ಆ ಕೊಲ್ಲಿ ದೇಶದಲ್ಲೇ. ಗಣಿತದ ಎಂ.ಎಸ್ಸಿ. ಇತ್ತು, ಕೆಲಸ ಇರಲಿಲ್ಲ. ಆ ಸೆಂಟರಿನವರು ಟೀಚರುಗಳಿಗೆ ವೀಸಾ ಮಾಡಿಸಿಕೊಡುತ್ತಿದ್ದರು.

ಅಲ್ಲಿನ ಪದ್ಧತಿ ಹೀಗಿತ್ತು: ಮುಂದೆ ಮಕ್ಕಳು, ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮಂದಿರು, ಬಾಗಿಲಲ್ಲಿ ಮಾಲೀಕರು. ತರಗತಿ ಮುಗಿದ ಮೇಲೆ ಎಷ್ಟು ಜನ ಮಕ್ಕಳನ್ನು ಸೇರಿಸುತ್ತಾರೋ ಅದರ ಮೇಲೆ ಟೀಚರಿನ ಭವಿಷ್ಯ. ಮಾಲೀಕರು ಉಡುಪಿ ಕಡೆಯವರು. ಎಲ್ಲ ಡೆಮೊಗಳಿಗೂ ಅವರದು ಒಂದೇ ಲೆಕ್ಕ.

"ಹೊಸತು ಏನೂ ಬೇಡ ಮಾರಾಯ್ತಿ," ಎಂದು ಹಾಳೆ ಕೊಟ್ಟರು. "ಇದು ಮಾಡು ಸಾಕು. ಪೇರೆಂಟ್ಸಿಗೆ ಇದು ಭಾರಿ ಇಷ್ಟ."

ಮೂವರು ಒಡಹುಟ್ಟಿದವರು. ವಯಸ್ಸುಗಳ ಗುಣಲಬ್ಧ ನಲವತ್ತು, ಮೊತ್ತ ಹದಿನಾಲ್ಕು. ಪ್ರತಿಯೊಬ್ಬರ ವಯಸ್ಸೆಷ್ಟು? ಹಾಳೆಯ ಹಿಂದೆ ಉತ್ತರ: ಒಂದು, ಐದು, ಎಂಟು. ಓದಿದಾಗ ನಾನೂ ಅಷ್ಟಕ್ಕೇ ಬಿಟ್ಟೆ. ಲೆಕ್ಕ ಸರಿಯಾಗಿತ್ತು.

ಆದರೆ ಕಲಿಸುವಾಗ ಪಟ್ಟಿಯನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ನನಗಿಲ್ಲ. ಮೂರು ಸಂಖ್ಯೆ ಗುಣಿಸಿದರೆ ನಲವತ್ತು ಬರುವ ಎಲ್ಲ ಗುಂಪುಗಳನ್ನೂ ಬೋರ್ಡಿನ ಮೇಲೆ ಬರೆಸಿದೆ. ಒಂದು, ಒಂದು, ನಲವತ್ತು. ಒಂದು, ಎರಡು, ಇಪ್ಪತ್ತು. ಒಂದು, ನಾಲ್ಕು, ಹತ್ತು. ಒಂದು, ಐದು, ಎಂಟು. ಇಲ್ಲಿಗೆ ಬಂದಾಗ ಬಾಗಿಲಿನಿಂದ ಮಾಲೀಕರು ತಲೆಯಾಡಿಸಿದರು. ಮೊತ್ತ ಹದಿನಾಲ್ಕು, ಮುಗಿಯಿತು ಎಂದರ್ಥ. ಹಿಂದಿನ ಟೀಚರುಗಳೆಲ್ಲ ಅಲ್ಲೇ ನಿಲ್ಲಿಸಿದ್ದಿರಬೇಕು. ಇನ್ನೂ ಎರಡು ಗುಂಪು ಉಳಿದಿದ್ದವು.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮಿಸ್, ಟೂ, ಟೂ, ಟೆನ್ ಕೂಡ ಫೋರ್ಟೀನ್ ಅಲ್ವಾ? ದಟ್ಸ್ ಅಸ್. ನಂಗೆ ಟೆನ್, ತಮ್ಮಂದಿರು ಟ್ವಿನ್ಸ್."

ಅವಳು ಹೇಳಿದ್ದು ಸರಿ. ಆ ಗುಂಪನ್ನೂ ಬೋರ್ಡಿನ ಮೇಲೆ ಬರೆದೆ. ಅಷ್ಟರಲ್ಲಿ ಮಾಲೀಕರು ನಕ್ಕರು.

"ಮಗಾ, ಅದು ನಿಮ್ಮ ಮನೆ ಕಥೆ. ಲೆಕ್ಕದಲ್ಲಿ ಟ್ವಿನ್ಸ್ ಎಲ್ಲ ಬರುದಿಲ್ಲ. ಆನ್ಸರ್ ಒಂದೇ."

ಪೋಷಕರೂ ನಕ್ಕರು. ಹುಡುಗಿ ಕೈ ಇಳಿಸಿ ಮೇಜಿನತ್ತ ತಲೆ ತಗ್ಗಿಸಿದಳು. ಸುಮ್ಮನಿದ್ದರೆ ತರಗತಿ ಚೆನ್ನಾಗಿ ಮುಗಿಯುತ್ತಿತ್ತು, ಅದು ನನಗೆ ಗೊತ್ತಿತ್ತು.

"ಇಲ್ಲ ಸರ್, ಅವಳು ಹೇಳಿದ್ದೂ ಉತ್ತರವೇ," ಎಂದೆ. "ಈ ಎರಡು ಸುಳಿವು ಸಾಲುವುದಿಲ್ಲ. ಮೊತ್ತ ಹದಿನಾಲ್ಕರ ಬದಲು ಹನ್ನೊಂದು ಎಂದಿದ್ದರೆ ಒಂದೇ ಉತ್ತರ ಬರುತ್ತಿತ್ತು." ಕೊನೆಯ ಗುಂಪು ಬರೆದು ತೋರಿಸಿದೆ: ಎರಡು, ನಾಲ್ಕು, ಐದು. ಪಟ್ಟಿಯಲ್ಲಿ ಬೇರೆ ಯಾವುದರ ಮೊತ್ತವೂ ಹನ್ನೊಂದು ಆಗುವುದಿಲ್ಲ.

ಹುಡುಗಿ ತಲೆ ಎತ್ತಿ ಪಟ್ಟಿಯನ್ನೆಲ್ಲ ಕೂಡಿಸಿ ನೋಡಿಕೊಂಡಳು. ಹಿಂದಿನ ಸಾಲಿನಲ್ಲಿ ಪಿಸುಮಾತು ಶುರುವಾಯಿತು.

ತರಗತಿ ಮುಗಿದಾಗ ಅವಳ ಅಮ್ಮ ನೇರವಾಗಿ ನನ್ನ ಬಳಿ ಬಂದರು. ಹುಬ್ಬಳ್ಳಿ ಕಡೆಯ ಮಾತು. ಅವರಾದರೂ ನನ್ನ ಪರ ಇರಬಹುದು ಎಂದುಕೊಂಡಿದ್ದೆ.

"ಅಲ್ರೀ ಮಿಸ್, ಮೊದ್ಲ ನಮ್ಮ ಹುಡುಗಿ ಎಲ್ಲಾದಕ್ಕೂ ಎದುರು ಮಾತಾಡ್ತಾಳ. ನೀವೂ ಹೂಂ ಅಂದ್ರ ಹೆಂಗ? ಪರೀಕ್ಷಾದಾಗ ಎರಡ ಉತ್ತರ ಬರದ್ರ ಮಾರ್ಕ್ಸ್ ಕೊಡ್ತಾರೇನ್ರಿ?"

"ಪ್ರಶ್ನೆಯೇ ತಪ್ಪಾಗಿತ್ತು," ಎಂದೆ.

"ಅದನ್ನ ಮಕ್ಕಳ ಮುಂದ ಹೇಳೂದೇನಿತ್ರೀ?" ಎಂದು ಅವರು ಮಗಳ ಕೈ ಹಿಡಿದು ಹೊರಟರು. ಆ ದಿನ ಯಾರೂ ಮಕ್ಕಳನ್ನು ಸೇರಿಸಲಿಲ್ಲ.

ಮಾಲೀಕರು ಬೋರ್ಡಿನ ಮುಂದೆ ನಿಂತು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡರು. "ನೀನು ತುಂಬ ಕಲ್ತವಳು. ಯೂನಿವರ್ಸಿಟಿಗೆ ಹೋಗು. ನಮ್ಮಲ್ಲಿ ಮಕ್ಕಳಿಗೆ ಕನ್ಫ್ಯೂಸ್ ಮಾಡಿದ್ರೆ ಆಗುದಿಲ್ಲ." ಆಮೇಲೆ, "ಖಲಾಸ್," ಎಂದು ದೀಪ ಆರಿಸಿದರು. ನಾನಿನ್ನೂ ಒಳಗಿದ್ದೆ.

ಮನೆಯಲ್ಲಿ ಅಪ್ಪ ಏನಾಯಿತೆಂದು ಕೇಳಿದರು. ಹೇಳಿದೆ. "ಒಂದು ದಿನ ಸುಮ್ಮನಿರುದಕ್ಕೆ ಆಗ್ಲಿಲ್ವಾ?" ಎಂದರು. ಸಿಟ್ಟಿನಿಂದಲ್ಲ.

ಬೇರೆ ಸೆಂಟರುಗಳಲ್ಲೂ ಕೆಲಸ ಆಗಲಿಲ್ಲ. ಊರಿಗೆ ಹೊರಡುವ ವಾರ, ಅಮ್ಮ ತರಿಸಿದ ಖಾಲಿ ರಟ್ಟಿನ ಡಬ್ಬಗಳನ್ನು ಹಿಡಿದು ಆ ಬೀದಿಯಲ್ಲೇ ಬರುತ್ತಿದ್ದೆ. ಸೆಂಟರಿನ ಗಾಜಿನ ಬಾಗಿಲಿಗೆ ಬಣ್ಣದ ಪೋಸ್ಟರು ಅಂಟಿಸಿದ್ದರು. ನಿಮ್ಮ ಮಗು ಇದನ್ನು ಬಿಡಿಸಬಲ್ಲದೇ? ಮೂವರು ಒಡಹುಟ್ಟಿದವರು, ಗುಣಲಬ್ಧ ನಲವತ್ತು, ಮೊತ್ತ ಹನ್ನೊಂದು.

ಡಬ್ಬಗಳನ್ನು ಕೆಳಗಿಟ್ಟು ಮತ್ತೊಮ್ಮೆ ಓದಿದೆ. ಒಳಗೆ ಹೊಸ ಟೀಚರು ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಮುಂದಿನ ಬೆಂಚಿನಲ್ಲಿ ಅದೇ ಹುಡುಗಿ ಕುಳಿತಿದ್ದಳು, ಕೈಗಳನ್ನು ಮೇಜಿನ ಮೇಲೆ ಕಟ್ಟಿಕೊಂಡು. ಲೆಕ್ಕದಲ್ಲಿ ಈಗ ಯಾವ ತಪ್ಪೂ ಇರಲಿಲ್ಲ.