ಅಂಗಡಿಯಲ್ಲಿ ಕೇಳಿಸದ ಅಲಾರಾಂ

ನಮ್ಮ ಯಜಮಾನರು ಹುಬ್ಬಳ್ಳಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಣ್ಣಿನೊಳಗೆ ಒತ್ತಡ ಏರಿ ಅವರ ನೋಟ ಕುಗ್ಗುತ್ತಿತ್ತು. ಡಾಕ್ಟರು ದಿನಕ್ಕೆ ಮೂರು ಹೊತ್ತು ಹಾಕುವ ಹನಿ ಕೊಟ್ಟು, ಹೋದ ನೋಟ ತಿರುಗಿ ಬರುವುದಿಲ್ಲವೆಂದು ಎಚ್ಚರಿಸಿದ್ದರು. ಇವರು ಮೂರು ಹೊತ್ತಿಗೆ ಮೂರು ಅಲಾರಾಂ ಗಡಿಯಾರ ಇಟ್ಟುಕೊಂಡರು. ಆರು ತಿಂಗಳಾದರೂ ಕಣ್ಣು ಕೆಡುತ್ತಲೇ ಹೋಯಿತು.

“ಔಷಧ ತಪ್ಪದ ಹಾಕ್ತೀರೇನ್ರಿ?” ಡಾಕ್ಟರು ಕೇಳಿದರು.

“ಅಲಾರಾಂ ಇಟ್ಟೇನ್ರಿ. ತಪ್ಪೂ ಮಾತ ಇಲ್ಲ.”

ಇವರು ಸುಳ್ಳು ಹೇಳುವವರಲ್ಲ. ಆದರೆ ನನಗೆ ಯಾವ ಮಾತನ್ನೂ ಹಾಗೇ ನುಂಗಿ ಗೊತ್ತಿಲ್ಲ. ಗಂಟೆ ಬಾರಿಸುವುದೂ ಹನಿ ಬೀಳುವುದೂ ಒಂದೇ ಏನು?

ಅಡುಗೆಮನೆಯ ಬಾಗಿಲಿಂದ ಅವರ ಮೇಜು ಕಾಣುತ್ತಿತ್ತು. ಒಂದು ವಾರ ಕದದ ಹಿಂದೆ ಇದ್ದಿಲಿನಿಂದ ಗೆರೆ ಎಳೆದೆ. ಅಲಾರಾಂ ಹೊಡೆದರೆ ಒಂದು ಗೆರೆ. ಹನಿ ಹಾಕಿಕೊಂಡರೆ ಅದಕ್ಕೊಂದು ಅಡ್ಡಗೆರೆ, ಪಕ್ಕದಲ್ಲಿ ಎಷ್ಟು ನಿಮಿಷ ತಡವೆಂಬುದು. ಎರಡು ತಾಸು ಕಳೆದರೂ ಏಳದಿದ್ದರೆ ನಾನೇ ಹೋಗಿ ಹಾಕುತ್ತಿದ್ದೆ. ಅದನ್ನು ಅಲಾರಾಂನ ಲೆಕ್ಕಕ್ಕೆ ಸೇರಿಸಲಿಲ್ಲ.

ವಾರದ ಕೊನೆಗೆ ಇಪ್ಪತ್ತೊಂದು ಗೆರೆಗೆ ಅಡ್ಡಗೆರೆ ಬಿದ್ದದ್ದು ಹನ್ನೊಂದಕ್ಕೆ. ಅವುಗಳಲ್ಲೂ ಬಹಳಷ್ಟು ತಾಸಿಗಿಂತ ತಡ. ಶುಕ್ರವಾರದ ಮೂರು ಮಾತ್ರ ಅಲಾರಾಂ ಹೊಡೆದ ಕೂಡಲೇ ಆಗಿದ್ದವು. ಶುಕ್ರವಾರವೇ ಯಾಕೆ? ಅಂದು ಅಂಗಡಿ ಬಂದ್. ಉಳಿದ ದಿನ ಅಲ್ಲಿ ರಿಪೇರಿಗೆ ಬಂದ ಅಲಾರಾಂಗಳು ಒಂದಲ್ಲ ಒಂದು ಹೊಡೆಯುತ್ತಲೇ ಇರುತ್ತಿದ್ದವು. ತಮ್ಮ ಅಲಾರಾಂ ಹೊಡೆದರೂ ಕಣ್ಣು ಚಕ್ರದ ಮೇಲೆ, ಕೈ ಮಾತ್ರ ಹೋಗಿ ಗಂಟೆ ನಿಲ್ಲಿಸುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ.

ಕದ ತೋರಿಸಿದಾಗ ಸಿಟ್ಟಾದರು. “ನನ್ನ ಗಡಿಯಾರದಾಗ ತಪ್ಪ ಹುಡುಕ್ತಿಯೇನ?”

“ಗಡಿಯಾರ ಛಲೋ ಅದಾವ್ರಿ. ನಿಮ್ಮ ಕಿವಿಗೆ ಅವು ರೂಢಿ ಆಗ್ಯಾವ.”

ಮರುವಾರ ಒಂದೇ ಒಂದು ಬದಲಾವಣೆ. ಅದೇ ಹೊತ್ತಿಗೆ ಅಲಾರಾಂ ಬದಲು ನಾನು ಹಿತ್ತಾಳೆ ತಟ್ಟೆ ಬಡಿದೆ. ಆ ಸದ್ದು ಅಂಗಡಿಯದಲ್ಲ, ಬೆಚ್ಚಿ ಎದ್ದೇ ಏಳುತ್ತಿದ್ದರು. ಇಪ್ಪತ್ತೊಂದಕ್ಕೆ ಇಪ್ಪತ್ತು, ಎಲ್ಲವೂ ಐದು ನಿಮಿಷದೊಳಗೆ. ತಪ್ಪಿದ ಒಂದು ನಾನು ಉಣಕಲ್ಲಿಗೆ ಹೋದ ಮಧ್ಯಾಹ್ನದ್ದು. ತಟ್ಟೆಗೆ ಹೆದರಿದರೋ ನನಗೋ ಎಂದು ಪರೀಕ್ಷಿಸಲು ಇನ್ನೊಂದು ವಾರ ತಟ್ಟೆಯನ್ನು ನಾದಿನಿಯ ಕೈಗೆ ಕೊಟ್ಟೆ. ಆಗಲೂ ಇಪ್ಪತ್ತು ಬಂತು. ನನಗೆ ಖುಷಿಯೋ ಖುಷಿ.

ಮೂರು ತಿಂಗಳ ಮೇಲೆ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. “ಬಲಗಣ್ಣು ಇದ್ದಲ್ಲೇ ನಿಂತದ. ಕೆಲಸಕ್ಕ ಅಡ್ಡಿಯಿಲ್ಲ. ಎಡಗಣ್ಣು ಇದಕ್ಕ ಮೊದಲ ಹೋಗಿಬಿಟ್ಟದ್ರಿ.”

ಹೊರಗೆ ಬಂದು ಟಾಂಗಾ ಹತ್ತಿದೆವು. ನನಗೆ ಅಳು ತಡೆಯಲಾಗಲಿಲ್ಲ. ಅವರು ಎದ್ದು, ಎಡಕ್ಕೆ ಕೂತಿದ್ದ ನನ್ನನ್ನು ಸರಿಸಿ, ತಮ್ಮ ಬಲಕ್ಕೆ ಕೂರಿಸಿಕೊಂಡರು.